ಷೇರು ಕೊಳ್ಳಲು ನಮ್ಮವರಿದ್ದಾರೆ, ಡಾಲರ್ ಕೊಡಲು ಯಾರಿದ್ದಾರೆ?

ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಅವರಿಗೆ ಬಹಿರಂಗ ಪತ್ರ

ಮಾನ್ಯರೇ,

ಆಮದು ಬಿಲ್‌ಗಳಿಗೆ ಡಾಲರ್ ಹೊಂದಿಸುವುದು ನನ್ನ ಉದ್ಯೋಗ. ಎಷ್ಟು ರೂಪಾಯಿಗೆ ಡಾಲರ್ ಸಿಗುತ್ತದೆ, ಇವತ್ತು ಕೊಳ್ಳಬೇಕೋ ನಾಳೆಯವರೆಗೆ ಕಾಯಬೇಕೋ ಎಂದು ದಿನವೂ ತೀರ್ಮಾನಿಸಬೇಕಾದವರಲ್ಲಿ ನಾನೂ ಒಬ್ಬ. ವಿದೇಶಿ ಪೋರ್ಟ್‌ಫೋಲಿಯೊ ಹೂಡಿಕೆದಾರರು, ಅಂದರೆ ಎಫ್‌ಪಿಐಗಳು, ಷೇರು ಮಾರತೊಡಗಿದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ‘ಭಯ ಬೇಡ, ನಮ್ಮ ಮ್ಯೂಚುವಲ್ ಫಂಡ್‌ಗಳು ಅಷ್ಟನ್ನೂ ಕೊಳ್ಳುತ್ತಿವೆ.’ ಷೇರುಪೇಟೆಯ ಮಟ್ಟಿಗೆ ಇದು ನಿಜ. ರೂಪಾಯಿಯ ಮಟ್ಟಿಗೆ ಇದು ಬಹುಪಾಲು ಸುಳ್ಳು. ಈ ವ್ಯತ್ಯಾಸ ಜನರಿಗೆ ತಿಳಿಯಬೇಕು ಎಂಬುದು ಈ ಪತ್ರಕ್ಕೆ ಒಂದು ಕಾರಣ. ಅದನ್ನು ತಿಳಿಯಲು ಬೇಕಾದ ಅಂಕಿ-ಅಂಶಗಳು ಸಕಾಲದಲ್ಲಿ ನಮ್ಮ ಕೈಗೆ ಬರುತ್ತಿಲ್ಲ ಎಂಬುದು ಇನ್ನೊಂದು ಕಾರಣ.

2024ರ ಅಕ್ಟೋಬರ್ ತಿಂಗಳನ್ನೇ ತೆಗೆದುಕೊಳ್ಳೋಣ. ಸೆಪ್ಟೆಂಬರ್ 27ರಂದು ನಿಫ್ಟಿ 26,277 ಅಂಶಗಳ ದಾಖಲೆ ಮಟ್ಟ ಮುಟ್ಟಿತ್ತು. ಅದಕ್ಕೆ ಕೆಲವೇ ದಿನ ಮೊದಲು ಚೀನಾ ದೊಡ್ಡ ಆರ್ಥಿಕ ಉತ್ತೇಜನ ಕ್ರಮಗಳನ್ನು ಪ್ರಕಟಿಸಿತ್ತು. ನಮ್ಮ ಷೇರುಗಳು ದುಬಾರಿ, ಅಲ್ಲಿಯವು ಅಗ್ಗ ಎಂಬ ಲೆಕ್ಕಾಚಾರ ವಿದೇಶಿ ನಿಧಿಗಳಲ್ಲಿ ಶುರುವಾಯಿತು. ಅದೇ ಹೊತ್ತಿಗೆ ಅಮೆರಿಕದ ಬಾಂಡ್‌ಗಳ ಗಳಿಕೆ ದರವೂ ಏರತೊಡಗಿತು. ಅಕ್ಟೋಬರ್ ಒಂದೇ ತಿಂಗಳಲ್ಲಿ ವಿದೇಶಿ ಹೂಡಿಕೆದಾರರು ಷೇರುಗಳಿಂದ ನಿವ್ವಳ ಸುಮಾರು 94,000 ಕೋಟಿ ರೂಪಾಯಿ ಹಿಂತೆಗೆದರು. ಡಾಲರ್‌ಗೆ 84 ರೂಪಾಯಿಯಂತೆ ಇದು 1,100 ಕೋಟಿ ಡಾಲರ್‌ಗೂ ಹೆಚ್ಚು. ಅದೇ ತಿಂಗಳು ದೇಶೀಯ ಸಂಸ್ಥೆಗಳು ಒಂದು ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿ ಷೇರು ಕೊಂಡವು. ಮ್ಯೂಚುವಲ್ ಫಂಡ್‌ಗಳಿಗೆ ಎಸ್‌ಐಪಿ ಮೂಲಕ ಬಂದ ಹಣ ಮೊದಲ ಬಾರಿಗೆ ತಿಂಗಳಿಗೆ 25,000 ಕೋಟಿ ದಾಟಿತು. ನಿಫ್ಟಿ ಆ ತಿಂಗಳು ಶೇ 6ರಷ್ಟು ಇಳಿಯಿತು. ಅಷ್ಟು ದೊಡ್ಡ ಮಾರಾಟಕ್ಕೆ ಅದು ದೊಡ್ಡ ಇಳಿಕೆಯೇನಲ್ಲ.

ಇಲ್ಲಿ ಒಂದು ಪ್ರಶ್ನೆ ಕೇಳಬೇಕು. ಮುಂಬೈಯ ಮ್ಯೂಚುವಲ್ ಫಂಡೊಂದು ವಿದೇಶಿ ನಿಧಿಯಿಂದ ಷೇರು ಕೊಂಡಾಗ ಪಾವತಿಸುವುದು ರೂಪಾಯಿಯನ್ನು. ಆ ರೂಪಾಯಿ ಕೈಗೆ ಬಂದ ವಿದೇಶಿ ನಿಧಿಗೆ ಬೇಕಿರುವುದು ಡಾಲರ್. ನಮ್ಮ ಸಂಬಳದಾರರು ತಿಂಗಳು ತಿಂಗಳು ಕಟ್ಟುವ ಎಸ್‌ಐಪಿ ಕಂತುಗಳಲ್ಲಿ ಒಂದು ಡಾಲರ್ ಕೂಡ ಇಲ್ಲ. ಹಾಗಾಗಿ ದೇಶೀಯ ಖರೀದಿ ಷೇರಿನ ಬೆಲೆಯನ್ನು ಎತ್ತಿ ಹಿಡಿಯುತ್ತದೆಯೇ ಹೊರತು ಡಾಲರ್ ಬೇಡಿಕೆಯನ್ನು ತಗ್ಗಿಸುವುದಿಲ್ಲ. ಇನ್ನೂ ಸೂಕ್ಷ್ಮವಾಗಿ ನೋಡಿದರೆ ಅದು ಬೇಡಿಕೆಯನ್ನು ಹೆಚ್ಚಿಸುತ್ತದೆ. ದೇಶೀಯ ಖರೀದಿದಾರರು ಇಲ್ಲದಿದ್ದರೆ ಷೇರಿನ ಬೆಲೆ ಬೀಳುತ್ತಿತ್ತು, ಮಾರುವವರಿಗೆ ಸಿಗುವ ರೂಪಾಯಿ ಕಡಿಮೆಯಾಗುತ್ತಿತ್ತು, ಅದರಿಂದ ಕೊಳ್ಳುವ ಡಾಲರ್ ಕೂಡ ಕಡಿಮೆಯಾಗುತ್ತಿತ್ತು. ಕೆಲವರು ಈ ಬೆಲೆಗೆ ಬೇಡವೆಂದು ಮಾರಾಟವನ್ನೇ ನಿಲ್ಲಿಸುತ್ತಿದ್ದರು. ಒಳ್ಳೆಯ ಬೆಲೆ ಕೊಟ್ಟು ಕೊಳ್ಳುವವರಿದ್ದಾಗ ಹೊರಹೋಗುವ ಬಾಗಿಲು ಅಗಲವಾಗುತ್ತದೆ. ಷೇರುಪೇಟೆಯಲ್ಲಿ ತಗ್ಗಿದ ಒತ್ತಡ ಕಾಣೆಯಾಗಲಿಲ್ಲ, ವಿದೇಶಿ ವಿನಿಮಯ ಪೇಟೆಗೆ ದಾಟಿತು, ಅಷ್ಟೆ. ದೇಶೀಯ ಉಳಿತಾಯ ಷೇರುಪೇಟೆಗೆ ಬರುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಅದು ರೂಪಾಯಿಗೂ ಕಾವಲು ಎಂದು ಹೇಳುವುದು ತಪ್ಪು.

ಈ ಒತ್ತಡ ಎಷ್ಟು ಬೇಗ ಬರುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ವಿವರಿಸುತ್ತೇನೆ. ನಿಮಗೆ ಗೊತ್ತಿಲ್ಲದ್ದೇನೂ ಇದರಲ್ಲಿ ಇಲ್ಲ. ಪತ್ರ ಬಹಿರಂಗವಾದ್ದರಿಂದ ಉಳಿದ ಓದುಗರಿಗಾಗಿ ಬರೆಯುತ್ತಿದ್ದೇನೆ.

ಒಂದು ವಿದೇಶಿ ನಿಧಿ ಸೋಮವಾರ ಇಲ್ಲಿ 1,000 ಕೋಟಿ ರೂಪಾಯಿ ಮೌಲ್ಯದ ಷೇರು ಮಾರಿತು ಎಂದುಕೊಳ್ಳಿ. 2023ರ ಜನವರಿ ಕೊನೆಯಿಂದ ನಮ್ಮ ಷೇರುಪೇಟೆಗಳಲ್ಲಿ ಎಲ್ಲ ಷೇರುಗಳ ಲೆಕ್ಕವೂ ವಹಿವಾಟಿನ ಮರುದಿನವೇ ಚುಕ್ತಾ ಆಗುತ್ತದೆ. ಮಂಗಳವಾರ ಹಣವು ನಿಧಿಯ ಷೇರುಗಳನ್ನು ಕಾಪಿಡುವ ಕಸ್ಟೋಡಿಯನ್ ಬ್ಯಾಂಕಿನ ರೂಪಾಯಿ ಖಾತೆಗೆ ಬೀಳುತ್ತದೆ. ಆ ಷೇರುಗಳನ್ನು ವರ್ಷಕ್ಕೂ ಮೊದಲು 600 ಕೋಟಿಗೆ ಕೊಂಡದ್ದಾಗಿದ್ದರೆ ಲಾಭ 400 ಕೋಟಿ. ಅದರ ಮೇಲೆ ಶೇ 12.5ರಂತೆ ದೀರ್ಘಾವಧಿ ಬಂಡವಾಳ ಗಳಿಕೆ ತೆರಿಗೆ 50 ಕೋಟಿ. ಸರ್‌ಚಾರ್ಜ್, ಸೆಸ್ ಮತ್ತು ಸಣ್ಣಪುಟ್ಟ ಶುಲ್ಕಗಳನ್ನು ಸದ್ಯಕ್ಕೆ ಬಿಡೋಣ. ತೆರಿಗೆ ಸಲಹೆಗಾರರು ಲೆಕ್ಕ ಹಾಕಿ ಒಪ್ಪಿಗೆ ಕೊಟ್ಟ ಮೇಲೆ 950 ಕೋಟಿ ಹೊರಹೋಗಲು ಸಿದ್ಧ. ಡಾಲರ್‌ಗೆ 84 ರೂಪಾಯಿಯಂತೆ ಅದು 11.3 ಕೋಟಿ ಡಾಲರ್.

ಹಣ ಮಂಗಳವಾರ ಬಂದರೂ ನಿಧಿ ಡಾಲರ್ ಕೊಳ್ಳಲು ಮಂಗಳವಾರದವರೆಗೆ ಕಾಯಬೇಕಾಗಿಲ್ಲ. ವಿನಿಮಯ ಪೇಟೆಯಲ್ಲಿ ಇವತ್ತು ದರ ನಿಗದಿ ಮಾಡಿಕೊಂಡು ಹಣವನ್ನು ಎರಡು ದಿನದ ಬಳಿಕ ಕೈ ಬದಲಾಯಿಸುವುದು ಮಾಮೂಲು ಪದ್ಧತಿ. ದರ ನಿಗದಿಯಾದ ಕ್ಷಣದಲ್ಲೇ ರೂಪಾಯಿಯ ಮೇಲೆ ಭಾರ ಬೀಳುತ್ತದೆ. ಹಾಗಾಗಿ ಸೋಮವಾರ ಬೆಳಿಗ್ಗೆ ಷೇರು ಮಾರಿದ ನಿಧಿ ಅದೇ ಮಧ್ಯಾಹ್ನ ಬ್ಯಾಂಕಿಗೆ ಡಾಲರ್ ಖರೀದಿಯ ಆದೇಶ ಕೊಟ್ಟಿರಬಹುದು. ಇದಕ್ಕೂ ಮೊದಲೇ, ಷೇರು ಮಾರಲು ತೀರ್ಮಾನಿಸಿದ ರಾತ್ರಿಯೇ, ಸಿಂಗಪುರ ಅಥವಾ ಲಂಡನ್‌ನ ಎನ್‌ಡಿಎಫ್ ಪೇಟೆಯಲ್ಲಿ ರೂಪಾಯಿ ಇಳಿಯುತ್ತದೆಂದು ವಾಯಿದಾ ಕರಾರು ಮಾಡಿಕೊಂಡಿರಲೂಬಹುದು. ಅಲ್ಲಿ ರೂಪಾಯಿ ಯಾರ ಕೈಗೂ ಬರುವುದಿಲ್ಲ, ದರದ ವ್ಯತ್ಯಾಸವನ್ನಷ್ಟೇ ಡಾಲರಿನಲ್ಲಿ ಕೊಟ್ಟು ತೆಗೆದುಕೊಳ್ಳುತ್ತಾರೆ. ಆದರೂ ಅಲ್ಲಿಯ ದರ ಇಲ್ಲಿಗೆ ನಾಟುತ್ತದೆ. ಅಲ್ಲಿ ಡಾಲರ್ 84.20 ಇದ್ದು ಇಲ್ಲಿ 84.05 ಇದ್ದರೆ ಎರಡೂ ಕಡೆ ವ್ಯವಹರಿಸುವ ಬ್ಯಾಂಕ್‌ಗಳು ಇಲ್ಲಿ ಕೊಂಡು ಅಲ್ಲಿ ಮಾರುತ್ತವೆ. ಇಲ್ಲಿಯ ದರ ಏರುತ್ತದೆ. ರಾತ್ರಿ ಹೊರದೇಶದಲ್ಲಿ ನಡೆದ ಆತಂಕ ಬೆಳಿಗ್ಗೆ 9 ಗಂಟೆಗೆ ನಮ್ಮ ಪೇಟೆ ತೆರೆಯುವಾಗ ಬೆಲೆಯಾಗಿ ನಮ್ಮ ಮುಂದಿರುತ್ತದೆ.

ನಿಧಿಗೆ ಇಷ್ಟು ಅವಸರ ಯಾಕೆ? ಅದರ ಲಾಭ-ನಷ್ಟದ ಲೆಕ್ಕ ಇರುವುದು ಡಾಲರಿನಲ್ಲಿ. ಎರಡು ದಿನ ತಡೆದು, ಅಷ್ಟರಲ್ಲಿ ರೂಪಾಯಿ ಶೇ 1ರಷ್ಟು ಇಳಿದು ಡಾಲರ್ 84.84 ಆದರೆ ಅದೇ 950 ಕೋಟಿಗೆ ಸಿಗುವುದು 11.2 ಕೋಟಿ ಡಾಲರ್. ಏನೂ ಮಾಡದೆ ಹತ್ತು ಲಕ್ಷ ಡಾಲರಿಗೂ ಹೆಚ್ಚು ಕರಗಿತು. ಮಾರಿದವರ ಕಥೆ ಇದು. ಮಾರದೆ ಉಳಿದವರದು ಇನ್ನೂ ಮುಖ್ಯ. ಷೇರಿನ ಬೆಲೆ ರೂಪಾಯಿಯಲ್ಲಿ ಕದಲದೆ ನಿಂತಿದ್ದರೂ ಡಾಲರ್ ಲೆಕ್ಕದಲ್ಲಿ ಅವರ ಹೂಡಿಕೆ ಶೇ 1ರಷ್ಟು ಕುಗ್ಗಿದೆ. ಅವರಲ್ಲಿ ಕೆಲವರು ಮುಂದಿನ ವಾರ ಮಾರುತ್ತಾರೆ. ಮಾರಾಟದಿಂದ ರೂಪಾಯಿ ಇಳಿಯುವುದು, ರೂಪಾಯಿ ಇಳಿದದ್ದರಿಂದ ಮತ್ತಷ್ಟು ಮಾರಾಟವಾಗುವುದು. ಈ ಸುತ್ತು ಶುರುವಾಗಲು ತಿಂಗಳುಗಳು ಬೇಕಾಗಿಲ್ಲ.

ನಮ್ಮ ವಿನಿಮಯ ಪೇಟೆಯ ದಿನದ ವಹಿವಾಟು 2024ರಲ್ಲಿ ಸರಾಸರಿ 6,000 ಕೋಟಿ ಡಾಲರ್ ಇತ್ತೆಂದು ನಿಮ್ಮ ಬ್ಯಾಂಕೇ ಹೇಳಿದೆ. ಅಕ್ಟೋಬರಿನ ಹೊರಹರಿವನ್ನು ವಹಿವಾಟಿನ ದಿನಗಳಿಗೆ ಹಂಚಿದರೆ ದಿನಕ್ಕೆ ಬರುವುದು ಸುಮಾರು 50 ಕೋಟಿ ಡಾಲರ್. ಅಷ್ಟು ದೊಡ್ಡ ಪೇಟೆಯನ್ನು ಇಷ್ಟು ಸಣ್ಣ ಮೊತ್ತ ಅಲುಗಿಸುವುದು ಹೇಗೆ ಎಂದು ಓದುಗರು ಕೇಳಬಹುದು. ಆ 6,000 ಕೋಟಿಯಲ್ಲಿ ಬಹುಪಾಲು ಬ್ಯಾಂಕ್‌ಗಳು ತಮ್ಮ ತಮ್ಮಲ್ಲೇ ಕೊಂಡು ಮಾರುವುದು, ಇವತ್ತು ಕೊಂಡು ಮುಂದಿನ ತಾರೀಖಿಗೆ ಮಾರುವ ಸ್ವಾಪ್‌ಗಳು. ಒಂದು ಕಡೆಯ ಖರೀದಿಗೆ ಇನ್ನೊಂದು ಕಡೆಯ ಮಾರಾಟ ವಜಾ ಆಗುತ್ತದೆ. ದರ ನಿರ್ಧಾರವಾಗುವುದು ವಜಾ ಆಗದೆ ಉಳಿದ ಮೊತ್ತದಿಂದ. ನಾವು ರಫ್ತಿಗಿಂತ ಹೆಚ್ಚು ಸರಕು ಆಮದು ಮಾಡಿಕೊಳ್ಳುವ ದೇಶವಾದ್ದರಿಂದ ಡಾಲರ್ ಕೊಳ್ಳುವವರ ಸಾಲು ಮೊದಲೇ ಉದ್ದವಿರುತ್ತದೆ. ದಿನದ ಕೊನೆಯಲ್ಲಿ ದೊಡ್ಡ ಡಾಲರ್ ಹೊರೆ ಹೊತ್ತುಕೊಳ್ಳಲು ಯಾವ ಬ್ಯಾಂಕೂ ಬಯಸುವುದಿಲ್ಲ. ಅದಕ್ಕೆ ಮಿತಿಯೂ ಇದೆ. ಆದ್ದರಿಂದ ಕಸ್ಟೋಡಿಯನ್ ಬ್ಯಾಂಕಿನ ಡೀಲರ್ ನಮ್ಮ ಉದಾಹರಣೆಯ 11 ಕೋಟಿ ಡಾಲರನ್ನು ಪೇಟೆಯಿಂದಲೇ ತುಂಡು ತುಂಡಾಗಿ ಎತ್ತಬೇಕು. ಮೊದಲ ತುಂಡು 84.05ಕ್ಕೆ ಸಿಗುತ್ತದೆ, ಮುಂದಿನದು ಕಾಲು ಪೈಸೆ ಮೇಲೆ, ಅದರ ಮುಂದಿನದು ಇನ್ನಷ್ಟು ಮೇಲೆ. ಒಂದೇ ದಿಕ್ಕಿನ ಇಂಥ ಆದೇಶಗಳು ಹತ್ತಾರು ನಿಧಿಗಳಿಂದ ಬಂದರೆ ಮಾರುವವರು ದರ ಏರಿಸಿ ಕಾಯತೊಡಗುತ್ತಾರೆ.

ಇನ್ನು ನನ್ನಂಥವರ ಪಾತ್ರ. ಇದನ್ನು ಹೇಳಲೇಬೇಕು, ಏಕೆಂದರೆ ಎಫ್‌ಪಿಐಗಳು ಹಚ್ಚಿದ ಕಿಡಿಯನ್ನು ಹರಡುವವರು ಅನೇಕ ಸಲ ನಾವೇ. 2024ರ ಅಕ್ಟೋಬರ್ 11ರಂದು ಡಾಲರ್ 84 ರೂಪಾಯಿ ದಾಟಿ ನಿಂತಿತು. ಇಂಥ ದುಂಡು ಅಂಕಿ ದಾಟಿದ ದಿನ ಆಮದುದಾರರ ಕಚೇರಿಗಳಲ್ಲಿ ಒಂದೇ ಮಾತು: ಮುಂದಿನ ಮೂರು ತಿಂಗಳ ಬಿಲ್‌ಗಳಿಗೆ ಇವತ್ತೇ ದರ ಕಟ್ಟಿಬಿಡಿ. ನಾನು ಬ್ಯಾಂಕಿಗೆ ಕರೆ ಮಾಡಿ ಜನವರಿಗೆ ಬೇಕಾದ ಡಾಲರಿಗೆ ವಾಯಿದಾ ಕರಾರು ಕೇಳುತ್ತೇನೆ. ಬ್ಯಾಂಕ್ ನನಗೆ ಜನವರಿಯಲ್ಲಿ ಡಾಲರ್ ಕೊಡುವುದಾಗಿ ಒಪ್ಪುತ್ತದೆ. ಆದರೆ ಅದು ಆ ಅಪಾಯವನ್ನು ಜನವರಿಯವರೆಗೆ ಹೊತ್ತು ಕೂರುವುದಿಲ್ಲ. ಅದೇ ನಿಮಿಷ ಪೇಟೆಯಲ್ಲಿ ಡಾಲರ್ ಕೊಂಡು, ಸ್ವಾಪ್ ಮಾಡಿ ಅದನ್ನು ಜನವರಿಗೆ ತಳ್ಳುತ್ತದೆ. ಜನವರಿಯ ಬೇಡಿಕೆ ಅಕ್ಟೋಬರಿನ ಪೇಟೆಗೆ ಬಂದು ಬಿದ್ದದ್ದು ಹೀಗೆ. ರಫ್ತುದಾರರು ಇದಕ್ಕೆ ತಿರುಗುಮುರುಗು. ರೂಪಾಯಿ ಇನ್ನೂ ಇಳಿಯುತ್ತದೆ ಎನಿಸಿದರೆ ಕೈಯಲ್ಲಿರುವ ಡಾಲರ್ ಮಾರಲು ಅವರಿಗೆ ಅವಸರವಿಲ್ಲ, ನಿಯಮಗಳು ಕೊಡುವ ಕಾಲಾವಕಾಶವನ್ನೆಲ್ಲ ಬಳಸಿಕೊಳ್ಳುತ್ತಾರೆ. ಕೊಳ್ಳುವವರು ಮುಂದೆ ಬಂದು ಮಾರುವವರು ಹಿಂದೆ ಸರಿದಾಗ ನಡುವಿನ ಕಂದರ ಎಫ್‌ಪಿಐ ಮಾರಾಟಕ್ಕಿಂತ ದೊಡ್ಡದಾಗಬಹುದು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಪ್ರತಿಯೊಬ್ಬರೂ ತಮ್ಮ ಸಂಸ್ಥೆಯ ನಷ್ಟ ತಪ್ಪಿಸುತ್ತಿದ್ದಾರೆ.

ಇಷ್ಟೆಲ್ಲ ನಡೆದರೂ ಅಕ್ಟೋಬರ್ ಕೊನೆಯಲ್ಲಿ ಡಾಲರ್ ಇದ್ದದ್ದು 84.10ರ ಆಸುಪಾಸಿನಲ್ಲಿ. ತಿಂಗಳ ಆರಂಭದಿಂದ ಬರೀ 30 ಪೈಸೆಯಷ್ಟು ವ್ಯತ್ಯಾಸ. ಕೊರತೆ ತುಂಬಿದವರು ನೀವು. ಸರ್ಕಾರಿ ಸ್ವಾಮ್ಯದ ಬ್ಯಾಂಕ್‌ಗಳು ರಿಸರ್ವ್ ಬ್ಯಾಂಕಿನ ಪರವಾಗಿ ಡಾಲರ್ ಮಾರುತ್ತಿವೆ ಎಂದು ಪೇಟೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಎಷ್ಟು ಎಂಬುದು ತಿಳಿದದ್ದು ನಿಮ್ಮ ಡಿಸೆಂಬರಿನ ಬುಲೆಟಿನ್‌ನಲ್ಲಿ: ಅಕ್ಟೋಬರಿನಲ್ಲಿ ನಿವ್ವಳ 900 ಕೋಟಿ ಡಾಲರ್‌ಗೂ ಹೆಚ್ಚು.

ಆ ಮಾರಾಟಕ್ಕೂ ಬೆಲೆ ತೆರಬೇಕು. ನೀವು ಡಾಲರ್ ಮಾರಿದಾಗ ಬ್ಯಾಂಕ್‌ಗಳು ರೂಪಾಯಿ ಕೊಡುತ್ತವೆ, ಆ ರೂಪಾಯಿ ಬ್ಯಾಂಕ್ ವ್ಯವಸ್ಥೆಯಿಂದಲೇ ಹೊರಹೋಗುತ್ತದೆ. 900 ಕೋಟಿ ಡಾಲರ್ ಎಂದರೆ 75,000 ಕೋಟಿ ರೂಪಾಯಿಗೂ ಹೆಚ್ಚು. ನಗದು ಬಿಗಿಯಾದರೆ ಬ್ಯಾಂಕ್‌ಗಳು ಪರಸ್ಪರ ಪಡೆಯುವ ಸಾಲದ ಬಡ್ಡಿ ಏರುತ್ತದೆ. ಬಿಗಿತ ಮುಂದಿನ ತಿಂಗಳುಗಳಲ್ಲೂ ಬೆಳೆಯಿತು. ಡಿಸೆಂಬರಿನಲ್ಲಿ ನಗದು ಮೀಸಲು ಅನುಪಾತವನ್ನು, ಅಂದರೆ ಬ್ಯಾಂಕ್‌ಗಳು ಠೇವಣಿಯಲ್ಲಿ ನಿಮ್ಮ ಬಳಿ ಇಡಲೇಬೇಕಾದ ಪಾಲನ್ನು, ಶೇ 4ಕ್ಕೆ ಇಳಿಸಿ 1.16 ಲಕ್ಷ ಕೋಟಿ ರೂಪಾಯಿಯನ್ನು ವ್ಯವಸ್ಥೆಗೆ ಬಿಟ್ಟದ್ದರ ಹಿನ್ನೆಲೆಯಲ್ಲಿ ಇದೂ ಇತ್ತೆಂದು ನಾನು ಭಾವಿಸಿದ್ದೇನೆ. ರೂಪಾಯಿಯ ದರ ಕಾಯಲು ಹೊರಟವರು ದೇಶದೊಳಗಿನ ಸಾಲದ ದರವನ್ನೂ ಮುಟ್ಟಬೇಕಾಗುತ್ತದೆ.

ನಗದು ಬಿಗಿತ ತಪ್ಪಿಸಲು ಇನ್ನೊಂದು ದಾರಿ ಇದೆ, ಅದನ್ನೂ ನೀವು ದೊಡ್ಡ ಪ್ರಮಾಣದಲ್ಲಿ ಬಳಸಿದಿರಿ. ಇವತ್ತು ಡಾಲರ್ ಕೊಡುವ ಬದಲು ಮುಂದಿನ ತಾರೀಖಿಗೆ ಕೊಡುವುದಾಗಿ ವಾಯಿದಾ ಮಾರಾಟ ಮಾಡುವುದು. ರೂಪಾಯಿ ಕೂಡಲೇ ಹೊರಹೋಗುವುದಿಲ್ಲ, ವಿದೇಶಿ ವಿನಿಮಯ ಮೀಸಲು ಕೂಡ ಕೂಡಲೇ ಕರಗಿದಂತೆ ಕಾಣುವುದಿಲ್ಲ. ಆದರೆ ಬಾಧ್ಯತೆ ಉಳಿಯುತ್ತದೆ. 2024ರ ಡಿಸೆಂಬರ್ ಕೊನೆಗೆ ಇಂಥ ನಿವ್ವಳ ಬಾಧ್ಯತೆ ಸುಮಾರು 6,800 ಕೋಟಿ ಡಾಲರ್ ಇತ್ತು. 2025ರ ಫೆಬ್ರುವರಿ ಕೊನೆಗೆ 8,800 ಕೋಟಿ ದಾಟಿತು. ವಾರವಾರ ಪತ್ರಿಕೆಗಳ ಮೊದಲ ಪುಟದಲ್ಲಿ ಬರುವ ಮೀಸಲಿನ ಅಂಕಿಯಲ್ಲಿ ಈ ಬಾಧ್ಯತೆಯ ಸುಳಿವಿಲ್ಲ.

ತಡೆದು ನಿಲ್ಲಿಸಿದ ದರ ಎಷ್ಟು ದಿನ ನಿಂತಿತು ನೋಡಿ. ಡಾಲರ್ 83ರಿಂದ 84 ರೂಪಾಯಿಗೆ ಹೋಗಲು ಸುಮಾರು ಎರಡು ವರ್ಷ ಹಿಡಿದಿತ್ತು. 84ರಿಂದ 85ಕ್ಕೆ ಸುಮಾರು ಎರಡು ತಿಂಗಳು ಸಾಕಾಯಿತು. 86 ದಾಟಲು 2025ರ ಜನವರಿ ಮಧ್ಯದವರೆಗೂ ಕಾಯಬೇಕಾಗಲಿಲ್ಲ. ಜನವರಿಯಲ್ಲಿ ವಿದೇಶಿ ಹೂಡಿಕೆದಾರರು ಷೇರುಗಳಿಂದ ಮತ್ತೆ 78,000 ಕೋಟಿ ರೂಪಾಯಿಯಷ್ಟು ಹಿಂತೆಗೆದರು. ಫೆಬ್ರುವರಿ 10ರಂದು ದರ 88ರ ಹತ್ತಿರ ಹೋಗಿ ಬಂತು. ಈ ಇಳಿಕೆಯೆಲ್ಲವೂ ಎಫ್‌ಪಿಐಗಳಿಂದಲೇ ಆಯಿತು ಎನ್ನಲಾರೆ. ಅಮೆರಿಕದ ಚುನಾವಣೆಯ ಬಳಿಕ ಡಾಲರ್ ಬಹುತೇಕ ಎಲ್ಲ ಕರೆನ್ಸಿಗಳ ಎದುರೂ ಬಲವಾಗಿತ್ತು. ಎರಡನ್ನೂ ಬಿಡಿಸಿ ನೋಡುವ ಒರಟು ಉಪಾಯ ಒಂದಿದೆ. ಏಷ್ಯಾದ ಕರೆನ್ಸಿಗಳೆಲ್ಲ ಒಟ್ಟಿಗೆ ಇಳಿಯುತ್ತಿದ್ದರೆ ಅದು ಡಾಲರಿನ ಬಲ. ಡಾಲರ್ ಸೂಚ್ಯಂಕ ಕದಲದಿರುವಾಗ ರೂಪಾಯಿ ಮಾತ್ರ ಜಾರುತ್ತಿದ್ದು, ಅದೇ ದಿನಗಳಲ್ಲಿ ಎಫ್‌ಪಿಐ ಮಾರಾಟ ದೊಡ್ಡದಿದ್ದರೆ ಅದು ನಮ್ಮದೇ ಹೊರಹರಿವು.

ಎಫ್‌ಪಿಐ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಷೇರು ಮಾರಿದ ಹಣವೆಲ್ಲ ಡಾಲರ್ ಆಗುವುದಿಲ್ಲ. ಕೆಲವರು ರೂಪಾಯಿ ಖಾತೆಯಲ್ಲೇ ಇಟ್ಟು ಬೆಲೆ ಇಳಿಯಲೆಂದು ಕಾಯುತ್ತಾರೆ, ಕೆಲವರು ಬಾಂಡ್ ಕೊಳ್ಳುತ್ತಾರೆ. ಉಲ್ಟಾ ಕೂಡ ಆಗುತ್ತದೆ. ಅದೇ ಅಕ್ಟೋಬರಿನಲ್ಲಿ ಹುಂಡೈ ಮೋಟಾರ್ ಇಂಡಿಯಾದ 27,870 ಕೋಟಿ ರೂಪಾಯಿಯ ಐಪಿಒ ಬಂತು. ಅದು ಪೂರ್ತಿಯಾಗಿ ಕೊರಿಯಾದ ಮಾತೃಸಂಸ್ಥೆ ತನ್ನ ಪಾಲನ್ನು ಮಾರಿದ್ದು. ಅದರಲ್ಲಿ ವಿದೇಶಿ ನಿಧಿಗಳು ಹಾಕಿದ ಹಣ ಎಫ್‌ಪಿಐ ಲೆಕ್ಕದಲ್ಲಿ ಒಳಹರಿವು. ಆದರೆ ಷೇರು ಮಾರಿದ ಹಣ ಸೇರುವುದು ಹೊರದೇಶದ ಒಡೆಯನಿಗೆ. ಭಾರತೀಯರು ಕೊಂಡ ಪಾಲಿನ ಮಟ್ಟಿಗೆ ಅದು ಎಫ್‌ಪಿಐ ಕೋಷ್ಟಕದಲ್ಲಿ ಎಲ್ಲೂ ಕಾಣದ ಡಾಲರ್ ಬೇಡಿಕೆ. ಆ ತಿಂಗಳ ಎಫ್‌ಪಿಐ ಅಂಕಿಯನ್ನಷ್ಟೇ ನೋಡಿದವರಿಗೆ ನಿಜವಾದ ಒತ್ತಡದ ಅಳತೆ ಸಿಕ್ಕಿರಲಾರದು.

ಹಾಗಾಗಿ ನನ್ನ ಕೋರಿಕೆಗಳು ಎರಡು.

ಮೊದಲನೆಯದು, ಡಾಲರ್ ಖರೀದಿ-ಮಾರಾಟದ ನಿಮ್ಮ ಅಂಕಿಗಳನ್ನು ಬೇಗ ಕೊಡಿ. ವಿದೇಶಿ ಹೂಡಿಕೆದಾರರು ಎಷ್ಟು ಮಾರಿದರೆಂದು ಷೇರು ಠೇವಣಿ ಸಂಸ್ಥೆಯಾದ ಎನ್‌ಎಸ್‌ಡಿಎಲ್ ಜಾಲತಾಣದಲ್ಲಿ ದಿನದಿನವೂ ಗೊತ್ತಾಗುತ್ತದೆ. ಕೊರತೆಯನ್ನು ನೀವು ಎಷ್ಟು ತುಂಬಿದಿರಿ ಎಂಬುದು ಎರಡು ತಿಂಗಳ ಬಳಿಕ ಗೊತ್ತಾಗುತ್ತದೆ. ಆ ಎರಡು ತಿಂಗಳು ನಮ್ಮ ಕಣ್ಣಿಗೆ ಬೀಳುವುದು ಕದಲದ ದರವೊಂದೇ. ಅದನ್ನು ನೋಡಿ ಸಣ್ಣ ಆಮದುದಾರರು ಅಪಾಯವಿಲ್ಲವೆಂದು ತಿಳಿದು ವಾಯಿದಾ ಕರಾರಿನ ಖರ್ಚು ಉಳಿಸುತ್ತಾರೆ, ವಿದೇಶಿ ಸಾಲ ಪಡೆದವರು ರಕ್ಷಣೆ ಇಲ್ಲದೆ ಬಿಡುತ್ತಾರೆ. ಡಾಲರ್ 85, 86 ದಾಟಿದಾಗ ಎಲ್ಲರೂ ಒಟ್ಟಿಗೆ ಬ್ಯಾಂಕಿಗೆ ಓಡುತ್ತಾರೆ. ನೀವು ತಡೆಯಬಯಸಿದ್ದ ನೂಕುನುಗ್ಗಲು ಅದೇ. ಮಾರುತ್ತಿರುವ ದಿನವೇ ಹೇಳಿದರೆ ಸಟ್ಟಾಕೋರರಿಗೆ ಅನುಕೂಲ ಎಂಬ ವಾದವನ್ನು ಒಪ್ಪುತ್ತೇನೆ. ದಿನದ ಲೆಕ್ಕ ನಾನು ಕೇಳುತ್ತಿಲ್ಲ. ಜಪಾನಿನ ಹಣಕಾಸು ಸಚಿವಾಲಯ ತನ್ನ ಮಧ್ಯಪ್ರವೇಶದ ಒಟ್ಟು ಮೊತ್ತವನ್ನು ಆಯಾ ತಿಂಗಳ ಕೊನೆಗೇ ಪ್ರಕಟಿಸುತ್ತದೆ, ದಿನವಾರು ವಿವರವನ್ನು ಮೂರು ತಿಂಗಳಿಗೊಮ್ಮೆ ಕೊಡುತ್ತದೆ. ತಿಂಗಳು ಮುಗಿದ ಎರಡು ವಾರದೊಳಗೆ ಒಟ್ಟು ಮೊತ್ತ ಕೊಟ್ಟರೂ ನಮಗೆ ಸಾಕು.

ಎರಡನೆಯದು, ಪ್ರತಿ ಶುಕ್ರವಾರದ ಮೀಸಲು ಪ್ರಕಟಣೆಯನ್ನು ಬಿಡಿಸಿ ಕೊಡಿ. 2024ರ ಸೆಪ್ಟೆಂಬರ್ 27ಕ್ಕೆ ಕೊನೆಗೊಂಡ ವಾರದಲ್ಲಿ ಮೀಸಲು 70,400 ಕೋಟಿ ಡಾಲರ್ ಮೀರಿ ದಾಖಲೆ ಬರೆಯಿತು. ನವೆಂಬರ್ ಆರಂಭಕ್ಕೆ ಅದು ಸುಮಾರು 68,200 ಕೋಟಿಗೆ ಇಳಿದಿತ್ತು. ಈ 2,200 ಕೋಟಿಯಲ್ಲಿ ನೀವು ಮಾರಿದ್ದೆಷ್ಟು, ಯೂರೊ ಮತ್ತು ಯೆನ್ ಡಾಲರಿನ ಎದುರು ಇಳಿದದ್ದರಿಂದ ಕಾಗದದ ಮೇಲೆ ಕರಗಿದ್ದೆಷ್ಟು ಎಂದು ಆ ವಾರಗಳಲ್ಲಿ ಹೊರಗಿನವರು ಊಹಿಸಬೇಕಾಯಿತು. ಮೌಲ್ಯ ಬದಲಾವಣೆಯಿಂದ ಆದದ್ದು ಒಂದು ಸಾಲು, ವಹಿವಾಟಿನಿಂದ ಆದದ್ದು ಒಂದು ಸಾಲು, ವಾಯಿದಾ ಬಾಧ್ಯತೆಯ ಇತ್ತೀಚಿನ ಮೊತ್ತ ಮತ್ತೊಂದು ಸಾಲು. ಮೂರೇ ಸಾಲು. ಈ ಲೆಕ್ಕ ನಿಮ್ಮ ಬಳಿ ಈಗಾಗಲೇ ಇದ್ದೇ ಇರುತ್ತದೆ.

ರೂಪಾಯಿಯನ್ನು ಯಾವುದೋ ಒಂದು ದರದಲ್ಲಿ ಹಿಡಿದಿಡಿ ಎಂದು ನಾನು ಕೇಳುತ್ತಿಲ್ಲ. ನಿಗದಿತ ಮಟ್ಟದ ಗುರಿ ತಮಗಿಲ್ಲ, ವಿಪರೀತ ಏರಿಳಿತ ತಡೆಯುವುದಷ್ಟೇ ಉದ್ದೇಶ ಎಂದು ರಿಸರ್ವ್ ಬ್ಯಾಂಕ್ ಮೊದಲಿನಿಂದಲೂ ಹೇಳುತ್ತ ಬಂದಿದೆ. ಆ ಮಾತನ್ನು ನಂಬಿ ವ್ಯವಹಾರ ಮಾಡಬೇಕಾದವರು ನಾವು. ಮುಂದಿನ ಸಲ ವಿದೇಶಿ ಹೂಡಿಕೆದಾರರು ಮಾರಲು ಶುರು ಮಾಡಿದ ವಾರ, ಕದಲದೆ ನಿಂತ ದರದ ಹಿಂದೆ ಪೇಟೆಯ ಬಲವಿದೆಯೋ ನಿಮ್ಮ ಡಾಲರ್ ಇದೆಯೋ ಎಂಬುದು ತಿಳಿದರೆ, ಬಿಲ್‌ಗಳಿಗೆ ಯಾವಾಗ ದರ ಕಟ್ಟಬೇಕೆಂದು ನಾವೇ ತೀರ್ಮಾನಿಸಿಕೊಳ್ಳುತ್ತೇವೆ.

ಗೌರವಪೂರ್ವಕವಾಗಿ,
ಆಮದು ಪಾವತಿ ವಿಭಾಗದ ಒಬ್ಬ ನೌಕರ